ಪದ ಬೇರೆ, ಅರ್ಥ ಒಂದೇ

ಐಇಎಲ್‌ಟಿಎಸ್ ಪರೀಕ್ಷೆಯ ಓದುವಿಕೆಯ ಭಾಗಕ್ಕೆ 60 ನಿಮಿಷ, 40 ಪ್ರಶ್ನೆ. ಪ್ರಶ್ನೆಯ ಪದವನ್ನೇ ಪಠ್ಯದಲ್ಲಿ ಅರಸುವ ಮಕ್ಕಳು ಇಲ್ಲಿ ಎಡವುತ್ತಾರೆ. ಇಂಗ್ಲಿಷ್ ಪ್ರಶ್ನೆಯೊಂದನ್ನು ಕನ್ನಡದಲ್ಲಿ ಹೇಳುವುದಾದರೆ, ‘ಮಳೆಯ ಅಭಾವದಿಂದ ರೈತರು ತೊರೆದದ್ದು ____’ ಎಂಬ ವಾಕ್ಯವನ್ನು ಪಠ್ಯದ ಒಂದೇ ಪದದಿಂದ ತುಂಬಬೇಕೆನ್ನಿ. ಪಠ್ಯದಲ್ಲಿರುವುದು: ‘ಬರಗಾಲದಲ್ಲಿ ಬೇಸಾಯಗಾರರು ಕೈಬಿಟ್ಟವು ಹಳೆಯ ಬಾವಿಗಳು.’ ಅಭಾವವೇ ಬರಗಾಲ, ತೊರೆದದ್ದೇ ಕೈಬಿಟ್ಟದ್ದು, ಉತ್ತರ ‘ಬಾವಿಗಳು’. ‘ಹಳೆಯ’ ಸೇರಿದರೆ ಪದಮಿತಿ ಮೀರಿ ಅಂಕ ಹೋಯಿತು. ಬಹುವಚನ ಬಿಟ್ಟರೂ ಹೋಯಿತು.

ವಾಕ್ಯಪೂರಣದ ಉತ್ತರಗಳು ಪಠ್ಯದ ಕ್ರಮದಲ್ಲಿಯೇ ದೊರೆಯುತ್ತವೆ. ಮಾಹಿತಿಯನ್ನು ಪರಿಚ್ಛೇದಕ್ಕೆ ಹೊಂದಿಸುವ ಪ್ರಶ್ನೆಗಳಿಗೆ ಆ ಕ್ರಮವಿಲ್ಲ. ಒಂದೇ ಪರಿಚ್ಛೇದ ಎರಡು ಬಾರಿ ಉತ್ತರವಾಗಬಹುದು, ಇನ್ನೊಂದು ಬಾರದೆಯೂ ಇರಬಹುದು. ಆದ್ದರಿಂದ ಅವನ್ನು ಕೊನೆಗೆ ಉಳಿಸಿಕೊಳ್ಳುವುದು ಲೇಸು. ‘ಬಾವಿ ತೊರೆದುದಕ್ಕೆ ಕಾರಣ’ ಎಂದು ಕೇಳಿದರೆ ಬಾವಿಯ ಹೆಸರಿರುವ ಪರಿಚ್ಛೇದಗಳು ಮೂರಿರಬಹುದು. ಬರಗಾಲವನ್ನು ಹೇಳಿದ್ದು ಯಾವುದೋ ಅದೇ ಉತ್ತರ.