ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್

ಬಳಕೆದಾರ ಫೋಟೊ ಅಪ್‌ಲೋಡ್ ಮಾಡುತ್ತಾನೆ, ಅದು ಅಮೆಜಾನ್ ಎಸ್‌3ಯ ಬಕೆಟ್‌ಗೆ ಬಂದು ಬೀಳುತ್ತದೆ. ಕೂಡಲೇ ಬಕೆಟ್ ಒಂದು ಸೂಚನೆ ಕಳಿಸುತ್ತದೆ, ಲ್ಯಾಂಬ್ಡಾ ಫಂಕ್ಷನ್ ಎದ್ದು ಫೋಟೊದ ಚಿಕ್ಕ ಪ್ರತಿಗಳನ್ನು ತಯಾರಿಸುತ್ತದೆ. ಲ್ಯಾಂಬ್ಡಾ 2014ರಲ್ಲಿ ಬಂದಾಗಿನಿಂದಲೂ ಅದನ್ನು ಕಲಿಸುವವರು ಹೆಚ್ಚಾಗಿ ತೋರಿಸುವುದು ಈ ಉದಾಹರಣೆಯನ್ನೇ. ಆದರೆ ಚಿಕ್ಕ ಪ್ರತಿಗಳನ್ನು ಅದೇ ಬಕೆಟ್‌ಗೆ ಬರೆದರೆ ಅನಾಹುತ ಕಟ್ಟಿಟ್ಟ ಬುತ್ತಿ.

ಕಾರಣ ಸರಳ. `s3:ObjectCreated:*` ಎಂಬ ಸೂಚನೆಗೆ ಫೈಲನ್ನು ಮನುಷ್ಯ ಹಾಕಿದನೋ ಫಂಕ್ಷನ್ ಹಾಕಿತೋ ಎಂಬ ಭೇದವಿಲ್ಲ. ಚಿಕ್ಕ ಪ್ರತಿಯೂ ಹೊಸ ಫೈಲೇ. ಹಾಗಾಗಿ ಅದಕ್ಕೂ ಸೂಚನೆ ಹೊರಡುತ್ತದೆ, ಫಂಕ್ಷನ್ ಮತ್ತೆ ಓಡುತ್ತದೆ. `.jpg` ಫೈಲುಗಳಿಗೆ ಮಾತ್ರ ಎಂದು ಸೋಸುಗ ಹಾಕಿದರೂ ಉಪಯೋಗವಿಲ್ಲ, ಹೊರಬರುವ ಪ್ರತಿಯೂ `.jpg` ತಾನೇ.

ಲೆಕ್ಕ ಹಾಕಿ ನೋಡೋಣ. ಫಂಕ್ಷನ್ ಪ್ರತಿ ಫೋಟೊಗೆ ಮೂರು ಅಳತೆಯ ಪ್ರತಿ ಮಾಡುತ್ತದೆ, ಒಂದು ಓಟಕ್ಕೆ ಒಂದು ಸೆಕೆಂಡು, ಒಂದು ಜಿಬಿ ಮೆಮೊರಿ ಎಂದಿಟ್ಟುಕೊಳ್ಳಿ. ಒಂದೇ ಫೋಟೊದಿಂದ ಮೊದಲ ಸುತ್ತಿನಲ್ಲಿ 1 ಓಟ, ಆಮೇಲೆ 3, 9, 27. ಎಂಟನೇ ಸುತ್ತಿಗೆ 2,187 ಆಗುತ್ತದೆ. ಅಷ್ಟರಲ್ಲಿ ಖಾತೆಗೆ ಒಂದು ವಲಯದಲ್ಲಿ ಸಾಮಾನ್ಯವಾಗಿ ಇರುವ ಏಕಕಾಲದ ಮಿತಿ, ಅಂದರೆ 1,000 ಓಟ, ತುಂಬಿಹೋಗಿರುತ್ತದೆ. ಅಲ್ಲಿಂದ ಮುಂದೆ ಗಂಟೆಗೆ 36 ಲಕ್ಷ ಓಟ, 1.08 ಕೋಟಿ ಹೊಸ ಫೈಲು. ವರ್ಜೀನಿಯಾ ವಲಯದ ಪ್ರಕಟಿತ ದರದಲ್ಲಿ ಲ್ಯಾಂಬ್ಡಾಗೆ ಗಂಟೆಗೆ ಸುಮಾರು 60 ಡಾಲರ್, ಫೈಲು ಬರೆಯುವುದಕ್ಕೆ 54 ಡಾಲರ್. ಶುಕ್ರವಾರ ಸಂಜೆ ಆರಕ್ಕೆ ಶುರುವಾದದ್ದನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಬಿಲ್ಲು 7,000 ಡಾಲರ್ ದಾಟಿರುತ್ತದೆ. ಅದಕ್ಕೂ ಕೆಟ್ಟದ್ದೆಂದರೆ, 1,000ದ ಮಿತಿ ಇಡೀ ಖಾತೆಗೆ ಸೇರಿದ್ದು. ಅದೇ ವಲಯದ ಪಾವತಿ, ಲಾಗಿನ್ ಫಂಕ್ಷನ್‌ಗಳೂ ಸರದಿ ಸಿಗದೆ ನಿಲ್ಲುತ್ತವೆ.

ಎಡಬ್ಲ್ಯುಎಸ್ ಈಗ ಇಂಥ ಸುತ್ತನ್ನು ತಾನೇ ಗುರುತಿಸುತ್ತದಲ್ಲ ಎನ್ನಬಹುದು. ನಿಜ. 2023ರಲ್ಲಿ ಎಸ್‌ಕ್ಯುಎಸ್ ಮತ್ತು ಎಸ್‌ಎನ್‌ಎಸ್ ಸೇವೆಗಳಿಗೆ ಬಂದ ಈ ರಕ್ಷಣೆ 2024ರಲ್ಲಿ ಎಸ್‌3ಗೂ ಬಂತು. ಒಂದೇ ಸರಪಳಿಯಲ್ಲಿ ಫಂಕ್ಷನ್ ಸುಮಾರು 16 ಸಲ ಓಡಿದರೆ ಮುಂದಿನ ಓಟ ತಡೆಯುತ್ತದೆ. ಆದರೆ ಇದು ಕೆಲಸ ಮಾಡುವುದು ವಿನಂತಿಯ ಜೊತೆ ಸಾಗುವ ಒಂದು ಗುರುತನ್ನು ಓದಿ. ಆ ಗುರುತನ್ನು ದಾಟಿಸದ ಹಳೆಯ ಎಸ್‌ಡಿಕೆಯನ್ನು ಫಂಕ್ಷನ್ ಜೊತೆ ಕಟ್ಟಿದ್ದರೆ, ಅಥವಾ ನಡುವೆ ಡೈನಮೊಡಿಬಿಯಂಥ ಬೇರೆ ಸೇವೆ ಇದ್ದರೆ, ಸುತ್ತು ಕಣ್ಣಿಗೆ ಬೀಳುವುದಿಲ್ಲ. ಇನ್ನು ಮೂರು ಕವಲಿನ ಲೆಕ್ಕದಲ್ಲಿ ಪ್ರತಿ ಕವಲಿಗೂ ಹದಿನಾರು ಮೆಟ್ಟಿಲು ದಕ್ಕಿದರೆ, ತಡೆ ಬೀಳುವ ಹೊತ್ತಿಗೆ ಒಟ್ಟು 2.15 ಕೋಟಿ ಓಟ ಮುಗಿದಿರುತ್ತದೆ.

ಬಜೆಟ್ ಎಚ್ಚರಿಕೆಯನ್ನೂ ನಂಬಿ ಕೂರುವಂತಿಲ್ಲ, ಅದರ ಲೆಕ್ಕ ಹಲವು ಗಂಟೆ ತಡವಾಗಿ ಬರುತ್ತದೆ. ಬೇಗ ತಿಳಿಯಬೇಕಾದರೆ ಕ್ಲೌಡ್‌ವಾಚ್‌ನ ಗೆರೆಗಳನ್ನು ನೋಡಬೇಕು. `ConcurrentExecutions` 1,000ಕ್ಕೆ ಏರಿ ಅಲ್ಲೇ ಮಟ್ಟಸವಾಗಿ ನಿಂತಿರುತ್ತದೆ, `Throttles` ಏರುತ್ತಲೇ ಇರುತ್ತದೆ. ಬಕೆಟ್ ತೆರೆದರೆ `small-small-small-photo.jpg` ಎಂಬಂಥ ಹೆಸರುಗಳ ಸಾಲು ಕಾಣುತ್ತದೆ. ಅದು ಕಂಡರೆ ಮೊದಲು ಫಂಕ್ಷನ್ ಉಸಿರು ನಿಲ್ಲಿಸಿ (ಇಲ್ಲಿ ಅದರ ಹೆಸರು `resize`):

```
aws lambda put-function-concurrency \
  --function-name resize \
  --reserved-concurrent-executions 0
```

ಇಷ್ಟಕ್ಕೇ ಮುಗಿಯಲಿಲ್ಲ. ಕಾದಿರುವ ಸೂಚನೆಗಳನ್ನು ಲ್ಯಾಂಬ್ಡಾ ಆರು ಗಂಟೆಯವರೆಗೂ ಇಟ್ಟುಕೊಂಡಿರಬಹುದು. ಬಕೆಟ್‌ನ ಸೂಚನೆಯನ್ನು ತೆಗೆಯದೆ, ಕೋಡ್ ಸರಿಪಡಿಸದೆ ಮಿತಿಯನ್ನು ಮರಳಿ ಏರಿಸಿದರೆ ಸುತ್ತು ಮತ್ತೆ ಶುರುವಾಗುತ್ತದೆ.

ಲ್ಯಾಂಬ್ಡಾದ ಕನ್ಸೋಲ್‌ನಲ್ಲಿ ಟ್ರಿಗರ್ ಸೇರಿಸುವಾಗ ಒಂದೇ ಬಕೆಟ್ ಬಳಸುವುದರ ಅಪಾಯ ಅರಿತಿದ್ದೇನೆಂದು ಟಿಕ್ ಹಾಕಿಸಿಕೊಳ್ಳುತ್ತಾರೆ. ಟೆರಾಫಾರ್ಮ್ ಕಡತದಿಂದ ನಿಯೋಜಿಸುವವರಿಗೆ ಆ ಪ್ರಶ್ನೆ ಎದುರಾಗುವುದೇ ಇಲ್ಲ. ಒಂದು ತಂಡ ಬರೆದ ಕಡತವನ್ನು ಇನ್ನೊಂದು ತಂಡ ನಕಲು ಮಾಡಿಕೊಂಡು ಹೋದಂತೆಲ್ಲ ತಪ್ಪೂ ಅದರ ಜೊತೆಗೇ ಹೋಗುತ್ತದೆ.

ಆದ್ದರಿಂದ ಮೂಲ ಫೋಟೊಗೆ ಒಂದು ಬಕೆಟ್, ಚಿಕ್ಕ ಪ್ರತಿಗಳಿಗೆ ಇನ್ನೊಂದು ಬಕೆಟ್ ಇಡಿ. ಮೊದಲ ಬಕೆಟ್‌ಗೆ ಬರೆಯುವ ಅನುಮತಿಯನ್ನೇ ಫಂಕ್ಷನ್‌ಗೆ ಕೊಡಬೇಡಿ. ಆಗ ಕೋಡ್‌ನಲ್ಲಿ ಯಾರು ಏನೇ ತಪ್ಪು ಮಾಡಿದರೂ ಈ ದಾರಿಯಲ್ಲಿ ಸುತ್ತು ಹುಟ್ಟಲಾರದು. ಜೊತೆಗೆ ಫಂಕ್ಷನ್‌ಗೆ 20 ಅಥವಾ 50ರ ಮಿತಿ ಹಾಕಿದರೆ ಉಳಿದ ಸೇವೆಗಳಿಗೆ ಜಾಗ ಉಳಿಯುತ್ತದೆ. ಎರಡನೇ ಬಕೆಟ್ ತೆರೆಯಲು ಪ್ರತ್ಯೇಕ ಶುಲ್ಕವಿಲ್ಲ. ಇವತ್ತೇ ನಿಮ್ಮ ಕಡತ ತೆರೆದು, ಓದುವ ಬಕೆಟ್ ಮತ್ತು ಬರೆಯುವ ಬಕೆಟ್ ಒಂದೇ ಇದೆಯೇ ಎಂದು ನೋಡಿ.