ಯಾವ ನಷ್ಟಕ್ಕೆ ಮೊದಲ ಸರದಿ?

ಬಿ.ಕಾಂ. ವಿದ್ಯಾರ್ಥಿಗಳು ಆದಾಯ ತೆರಿಗೆ ಪತ್ರಿಕೆಯಲ್ಲಿ ಎಡವುವುದು ಕೂಡಿಸಿ ಕಳೆಯುವುದರಲ್ಲಲ್ಲ, ಯಾವ ನಷ್ಟವನ್ನು ಮೊದಲು ಕಳೆಯಬೇಕು ಎನ್ನುವುದರಲ್ಲಿ. ಹಳೆಯ ತೆರಿಗೆ ಪದ್ಧತಿಯ ಒಂದು ಲೆಕ್ಕ ನೋಡೋಣ.

ಖಾಸಗಿ ಕಂಪನಿಯ ಉದ್ಯೋಗಿಯೊಬ್ಬರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಸಂಬಳ 9,00,000 ರೂಪಾಯಿ. ಬಟ್ಟೆ ಅಂಗಡಿಯಲ್ಲಿ 1,50,000 ನಷ್ಟ. ಸೈಟು ಮಾರಿ ದೀರ್ಘಾವಧಿ ಲಾಭ 80,000, ಷೇರಿನಲ್ಲಿ ಅಲ್ಪಾವಧಿ ನಷ್ಟ 1,10,000. ಬ್ಯಾಂಕ್ ಬಡ್ಡಿ 40,000, ಟಿ.ವಿ. ಕ್ವಿಜ್‌ನಲ್ಲಿ ಗೆದ್ದದ್ದು 50,000. ಬಾಡಿಗೆಗೆ ಕೊಟ್ಟ ಮನೆಯೂ ಒಂದಿದೆ.

ಮೊದಲು ಮನೆ. ವರ್ಷದ ಬಾಡಿಗೆ 1,80,000ದಲ್ಲಿ ಕಟ್ಟಿದ ಕಂದಾಯ 10,000 ಹೋಗಿ 1,70,000. ಅದರ ಶೇ. 30, ಅಂದರೆ 51,000, ರಿಪೇರಿ ಮಾಡಿಸಲಿ ಬಿಡಲಿ ಕಳೆಯಬಹುದು. ಉಳಿದ 1,19,000ದಿಂದ ಸಾಲದ ಬಡ್ಡಿ 3,79,000 ತೆಗೆದರೆ 2,60,000 ನಷ್ಟ.

ಷೇರಿನ ಅಲ್ಪಾವಧಿ ನಷ್ಟಕ್ಕೆ ಸೈಟಿನ ಲಾಭ ಒದಗುತ್ತದೆ, 30,000 ನಷ್ಟ ಉಳಿಯುತ್ತದೆ. ನಷ್ಟ ದೀರ್ಘಾವಧಿಯದಾಗಿದ್ದರೆ ಅದನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಬಹುದಿತ್ತು. ಬಂಡವಾಳ ನಷ್ಟ ಯಾವುದೇ ಇರಲಿ, ಸಂಬಳವನ್ನು ಮುಟ್ಟುವಂತಿಲ್ಲ.

ಈಗ ಬ್ಯಾಂಕ್ ಬಡ್ಡಿಯ 40,000. ಅದನ್ನು ಮನೆಯ ನಷ್ಟಕ್ಕೂ ಕೊಡಬಹುದು, ಅಂಗಡಿಯ ನಷ್ಟಕ್ಕೂ ಕೊಡಬಹುದು. ಆದರೆ ಅಂಗಡಿಯ ನಷ್ಟವನ್ನು ಸಂಬಳದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ, ಮನೆಯ ನಷ್ಟವನ್ನು 2,00,000ದವರೆಗೆ ಬಿಡುತ್ತದೆ. ಹಾಗಾಗಿ ಬಡ್ಡಿ ಅಂಗಡಿಗೆ, ಸಂಬಳ ಮನೆಗೆ. ಸಂಬಳ 7,00,000ಕ್ಕೆ ಇಳಿಯಿತು, ಬಡ್ಡಿ ಸೊನ್ನೆಯಾಯಿತು. ಕ್ವಿಜ್ ಹಣದಲ್ಲಿ ಯಾವ ನಷ್ಟವನ್ನೂ ಕಳೆಯುವಂತಿಲ್ಲ, ಅದಕ್ಕೆ ಶೇ. 30ರ ದರ ಪ್ರತ್ಯೇಕ. ಒಟ್ಟು ಆದಾಯ 7,50,000.

ಬಡ್ಡಿಯನ್ನು ಮನೆಗೆ ಕೊಟ್ಟುಬಿಟ್ಟಿದ್ದರೆ? ಸಂಬಳದಲ್ಲಿ ಕಳೆಯುವುದಕ್ಕೆ 1,60,000 ಮಾತ್ರ ಉಳಿಯುತ್ತಿತ್ತು, ಅಂಗಡಿಯ ನಷ್ಟ ಪೂರ್ತಿ ಮುಂದಿನ ವರ್ಷಕ್ಕೆ ಹೋಗುತ್ತಿತ್ತು, ಒಟ್ಟು ಆದಾಯ 7,90,000 ಆಗುತ್ತಿತ್ತು. ಕೂಡುವುದರಲ್ಲಿ ತಪ್ಪಿಲ್ಲದೆಯೂ ಈ ವರ್ಷ 40,000 ರೂಪಾಯಿಗೆ ಹೆಚ್ಚುವರಿ ತೆರಿಗೆ. ಉತ್ತರ ಪತ್ರಿಕೆಗಳಲ್ಲಿ ನಾನು ಮೊದಲು ಹುಡುಕುವುದು ಈ ಸಾಲನ್ನೇ. ಹೊಸ ಪದ್ಧತಿ ಆರಿಸಿಕೊಂಡವರಿಗಂತೂ ಮನೆಯ ನಷ್ಟದಲ್ಲಿ ಒಂದು ರೂಪಾಯಿಯನ್ನೂ ಸಂಬಳದಲ್ಲಿ ಕಳೆಯಲು ಬರುವುದಿಲ್ಲ.

ಮುಂದಕ್ಕೆ ಹೋಗುವವು ಮೂರು: ಮನೆಯದು 60,000, ಅಂಗಡಿಯದು 1,10,000, ಷೇರಿನದು 30,000. ಮೂರಕ್ಕೂ 8 ವರ್ಷದ ಅವಧಿ. ಆದರೆ ಆಗ ಪ್ರತಿಯೊಂದೂ ತನ್ನ ಬಾಬ್ತಿನ ಆದಾಯದಲ್ಲೇ ತೀರಬೇಕು, ಮನೆಯ ಹಳೆಯ ನಷ್ಟಕ್ಕೆ ಮುಂದಿನ ವರ್ಷ ಸಂಬಳದ ಆಸರೆ ಇಲ್ಲ. ರಿಟರ್ನ್ ಗಡುವಿನೊಳಗೆ ಸಲ್ಲಿಸದಿದ್ದರೆ ಅಂಗಡಿ ಮತ್ತು ಷೇರಿನ 1,40,000 ಅಲ್ಲಿಗೇ ಕೈತಪ್ಪುತ್ತದೆ. ತಡವಾದರೂ ಉಳಿದುಕೊಳ್ಳುವುದು ಮನೆಯ 60,000 ಮಾತ್ರ.