ತಿಂಗಳಿಗೊಂದು ನಗುವಿನ ಫೋಟೊ
ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ದಿನವೂ ಕನ್ನಡಿ ನೋಡಿದರೆ ಏನೂ ಬದಲಾದಂತೆ ಕಾಣದು. ಕಿತ್ತ ಹಲ್ಲಿನ ಜಾಗಕ್ಕೆ ಕೋರೆಹಲ್ಲು ಸರಿಯುವುದೇ ತಿಂಗಳಿಗೆ ಸುಮಾರು 1 ಮಿಲಿಮೀಟರ್. ಹಾಗಾಗಿ ತಿಂಗಳಿಗೊಮ್ಮೆ ಹಲ್ಲುಜ್ಜಿ, ಅದೇ ಕಿಟಕಿಯ ಬೆಳಕಿನಲ್ಲಿ, ಹಲ್ಲು ಕಚ್ಚಿಕೊಂಡು ಎದುರಿನಿಂದಲೂ ಎರಡು ಪಕ್ಕಗಳಿಂದಲೂ ಫೋಟೊ ತೆಗೆದಿಡಿ. ಕ್ಯಾಮೆರಾ ಕೊಂಚ ಓರೆಯಾದರೂ ಸಂದು ಕಿರಿದಾದಂತೆ ಕಾಣುತ್ತದೆ, ನಂಬಬೇಡಿ.

ನನ್ನನ್ನು ಕೇಳಿದರೆ, ಸಂದಿಗಿಂತ ಮೊದಲು ನೋಡಬೇಕಾದದ್ದು ಬ್ರಾಕೆಟ್ ಮತ್ತು ಒಸಡಿನ ನಡುವಿನ ಕಿರುಪಟ್ಟಿ. ಬ್ರಷ್ ಸರಿಯಾಗಿ ತಲುಪದಿರುವುದು ಅಲ್ಲೇ. ಕಳೆದ ತಿಂಗಳ ಫೋಟೊದಲ್ಲಿ ಇಲ್ಲದ ಸುಣ್ಣದಂಥ ಬಿಳಿ ಮಚ್ಚೆ ಈಗ ಕಂಡರೆ, ಎನಾಮಲ್ ಖನಿಜಾಂಶ ಕಳೆದುಕೊಳ್ಳುತ್ತಿರಬಹುದು. ಒಸಡು ಕೆಂಪಾಗಿ ಊದಿ ಬ್ರಾಕೆಟ್ಟಿನ ಅಂಚಿಗೆ ತಾಗಿದ್ದರೆ ಅಲ್ಲಿ ಕೊಳೆ ನಿಂತಿದೆ ಎಂಬ ಗುಮಾನಿ ಸಹಜ. ಇವೆರಡರಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯವರೆಗೆ ಕಾಯದೆ, ಎರಡೂ ತಿಂಗಳ ಫೋಟೊಗಳನ್ನು ದಂತವೈದ್ಯರಿಗೆ ತೋರಿಸಿ.